ಸರಳಿನ ಸ್ಥಿತಿ ಬದಲಾಗುತ್ತಿಲ್ಲ, ಆದರೂ ಎಂಟ್ರೊಪಿ ಹುಟ್ಟುತ್ತಿದೆ. ಎಲ್ಲಿ?

ನೀಲಿಕೊಡೆ

ಎಲ್ಲರಿಗೂ ನಮಸ್ಕಾರ. ಒಂದು ವಿಷಯ ತಲೆಗೆ ಹತ್ತುತ್ತಿಲ್ಲ, ಬಲ್ಲವರು ಬಿಡಿಸಿ ಹೇಳಿ.

ಒಂದು ತಾಮ್ರದ ಸರಳು ಇದೆ ಅಂದುಕೊಳ್ಳಿ. ಉದ್ದ ಅರ್ಧ ಮೀಟರ್, ಅಡ್ಡಕೊಯ್ತದ ವಿಸ್ತೀರ್ಣ 1 ಚದರ ಸೆಂಟಿಮೀಟರ್. ಒಂದು ತುದಿ ಯಾವಾಗಲೂ 400 ಕೆಲ್ವಿನ್, ಇನ್ನೊಂದು ತುದಿ ಯಾವಾಗಲೂ 300 ಕೆಲ್ವಿನ್. ಪಕ್ಕದಿಂದ ಶಾಖ ಸೋರುವುದಿಲ್ಲ. ತಾಮ್ರದ ಉಷ್ಣವಾಹಕತೆ ಸುಮಾರು 400 ಅಂತ ಹಿಡಿದರೆ 8 ವ್ಯಾಟ್ ಹರಿಯುತ್ತದೆ. ಸ್ವಲ್ಪ ಹೊತ್ತು ಬಿಟ್ಟರೆ ಎಲ್ಲ ಸ್ಥಿರವಾಗುತ್ತದೆ, ಸರಳಿನ ಯಾವ ಜಾಗದಲ್ಲೂ ತಾಪಮಾನ ಬದಲಾಗುವುದಿಲ್ಲ.

ಈಗ ನನ್ನ ಪ್ರಶ್ನೆ. ತಾಪಮಾನ ಬದಲಾಗದಿದ್ದರೆ ಸರಳಿನ ಎಂಟ್ರೊಪಿಯೂ ಬದಲಾಗುವುದಿಲ್ಲ ಅಲ್ವಾ? ಹಾಗಿದ್ದ ಮೇಲೆ ಸರಳಿನೊಳಗೆ ಎಂಟ್ರೊಪಿ ಉತ್ಪತ್ತಿಯಾಗುತ್ತಿದೆ ಅಂತ ಪುಸ್ತಕ ಹೇಳುವುದು ಹೇಗೆ? ಬಿಸಿ ಕಡೆಯ ಪಾತ್ರೆ ಎಂಟ್ರೊಪಿ ಕಳೆದುಕೊಳ್ಳುತ್ತದೆ, ತಣ್ಣನೆ ಕಡೆಯದು ಪಡೆಯುತ್ತದೆ, ಒಟ್ಟು ಲೆಕ್ಕದಲ್ಲಿ ಹೆಚ್ಚಾಗುತ್ತದೆ, ಅಷ್ಟು ಒಪ್ಪುತ್ತೇನೆ. ಆದರೆ ಹೆಚ್ಚಾದದ್ದು ಹುಟ್ಟಿದ್ದು ಎಲ್ಲಿ? ತುದಿಗಳಲ್ಲೋ, ನಡುವಿನಲ್ಲೋ?

ಸುಮ್ನೆ_ಓದುಗ

ಸ್ಥಿರ ಸ್ಥಿತಿ ಅಂದ ಮೇಲೆ ಸರಳಿನಲ್ಲಿ ಏನೂ ಆಗುತ್ತಿಲ್ಲ. ಎಂಟ್ರೊಪಿ ಬದಲಾವಣೆ ಸೊನ್ನೆ. ಹೆಚ್ಚಾಗುವುದು ತಣ್ಣನೆ ಪಾತ್ರೆಯಲ್ಲಿ ಮಾತ್ರ, ಆದ್ದರಿಂದ ಅಲ್ಲೇ ಹುಟ್ಟುತ್ತದೆ. ಇಷ್ಟೇ.

ಹಳೇಮೇಷ್ಟ್ರು

ಓದುಗರೇ, ನಿಮ್ಮ ಮಾತಿನಲ್ಲಿ ಅರ್ಧ ಸರಿ ಇದೆ. ಸರಳಿನ ಎಂಟ್ರೊಪಿ ಬದಲಾಗುವುದಿಲ್ಲ, ಅದು ನಿಜ. ಅದರಿಂದ "ಅಲ್ಲಿ ಹುಟ್ಟುತ್ತಿಲ್ಲ" ಅನ್ನುವುದು ಬರುವುದಿಲ್ಲ. ಹುಟ್ಟಿದ್ದೆಲ್ಲ ಹೊರಗೆ ಹೋಗುತ್ತಿದ್ದರೂ ಒಳಗಿನ ಮೊತ್ತ ಹಾಗೇ ಇರುತ್ತದೆ. ಬದಲಾವಣೆ ಬೇರೆ, ಉತ್ಪತ್ತಿ ಬೇರೆ.

ನೀಲಿಕೊಡೆ ಅವರ ಅಂಕಿಗಳನ್ನೇ ತಗೊಳ್ಳೋಣ. ಬಿಸಿ ತುದಿಯಿಂದ ಸರಳಿನೊಳಗೆ 8 ವ್ಯಾಟ್ ಬರುತ್ತದೆ, 400 ಕೆಲ್ವಿನ್‌ನಲ್ಲಿ. ಅದರ ಜೊತೆ ಬರುವ ಎಂಟ್ರೊಪಿ ಸೆಕೆಂಡಿಗೆ 8/400, ಅಂದರೆ ಕೆಲ್ವಿನ್‌ಗೆ 20 ಮಿಲಿವ್ಯಾಟ್. ತಣ್ಣನೆ ತುದಿಯಿಂದ ಅದೇ 8 ವ್ಯಾಟ್ ಹೊರಗೆ ಹೋಗುತ್ತದೆ, ಆದರೆ 300 ಕೆಲ್ವಿನ್‌ನಲ್ಲಿ. ಅದರ ಜೊತೆ ಹೋಗುವುದು 8/300, ಅಂದರೆ 26.67. ಬಂದದ್ದು 20, ಹೋದದ್ದು 26.67, ಒಳಗಿನ ಮೊತ್ತ ಬದಲಾಗಿಲ್ಲ. ಹಾಗಾದರೆ ಮಿಕ್ಕ 6.67 ಸರಳಿನೊಳಗೇ ಹುಟ್ಟಿರಬೇಕು. ಬೇರೆ ದಾರಿ ಇಲ್ಲ.

ಪಾತ್ರೆಗಳಲ್ಲಿ ಹುಟ್ಟಿತು ಅನ್ನುವಂತಿಲ್ಲ. ಪಾತ್ರೆಯೊಳಗೆ ಎಲ್ಲ ಕಡೆ ಒಂದೇ ತಾಪಮಾನ ಅಂತ ಹಿಡಿದಿದ್ದೇವೆ. ಅಲ್ಲಿ ಶಾಖ ಇಳಿದು ಹೋಗಲು ಜಾಗವೇ ಇಲ್ಲ. ತಣ್ಣನೆ ಪಾತ್ರೆಗೆ ಎಂಟ್ರೊಪಿ ಬಂದು ಸೇರುತ್ತದೆ, ಅಲ್ಲಿ ಹುಟ್ಟುವುದಿಲ್ಲ.

ಸುಮ್ನೆ_ಓದುಗ

ಶಾಖದ ಮೊತ್ತ ಬದಲಾಗದೆ ಅದರ ಜೊತೆಗಿನ ಎಂಟ್ರೊಪಿ ಮಾತ್ರ ದಾರಿಯಲ್ಲಿ ಬೆಳೆಯುತ್ತದೆ ಅಂತೀರಾ? ವಿಚಿತ್ರ ಅನಿಸುತ್ತದೆ.

ಹಳೇಮೇಷ್ಟ್ರು

ಹೌದು, ದಾರಿಯುದ್ದಕ್ಕೂ ಬೆಳೆಯುತ್ತದೆ. ಸರಳನ್ನು ಎಲ್ಲಿ ಬೇಕಾದರೂ ಕೊಯ್ದು ನೋಡಿ, ಅಲ್ಲಿ ದಾಟುವ ಶಾಖ 8 ವ್ಯಾಟೇ. ಆದರೆ ತಾಪಮಾನ ಇಳಿಯುತ್ತಾ ಹೋಗುತ್ತದೆ, ಹಾಗಾಗಿ 8 ಅನ್ನು ಭಾಗಿಸುವ ಸಂಖ್ಯೆ ಚಿಕ್ಕದಾಗುತ್ತಾ ಹೋಗುತ್ತದೆ. ಪಕ್ಕಪಕ್ಕದ ಎರಡು ಕೊಯ್ತಗಳ ನಡುವೆ ಎಷ್ಟು ಜಾಸ್ತಿಯಾಯಿತೋ ಅಷ್ಟು ಆ ತುಂಡಿನಲ್ಲಿ ಹುಟ್ಟಿದೆ.

ಗೆರೆಗಾರ

ಮೇಷ್ಟ್ರು ಹೇಳಿದ್ದನ್ನು ಸೂತ್ರದಲ್ಲಿ ಬರೆದರೆ, ಒಂದು ಮೀಟರ್ ಉದ್ದಕ್ಕೆ ಹುಟ್ಟುವ ಎಂಟ್ರೊಪಿ ಇಷ್ಟು:

```
s(x) = k A (dT/dx)^2 / T^2
```

ಇಳಿಜಾರಿನ ವರ್ಗ ಇರುವುದರಿಂದ ಇದು ಋಣವಾಗುವುದಿಲ್ಲ. ಶಾಖ ಎಡಕ್ಕೆ ಹೋದರೂ ಬಲಕ್ಕೆ ಹೋದರೂ ಧನವೇ. ಇಳಿಜಾರು ಇಲ್ಲದ ಕಡೆ ಮಾತ್ರ ಸೊನ್ನೆ.

"ಎಲ್ಲಿ" ಅನ್ನುವ ಪ್ರಶ್ನೆಗೆ ಉತ್ತರವೂ ಇದರಲ್ಲೇ ಇದೆ. ಇಳಿಜಾರು ಎಲ್ಲ ಕಡೆ ಒಂದೇ, ಮೀಟರ್‌ಗೆ 200 ಕೆಲ್ವಿನ್. ಕೆಳಗಿರುವ T ಮಾತ್ರ ಬದಲಾಗುತ್ತದೆ. ಬಿಸಿ ತುದಿಯ ಹತ್ತಿರ ಮೀಟರ್‌ಗೆ 10 ಮಿಲಿವ್ಯಾಟ್ ಪ್ರತಿ ಕೆಲ್ವಿನ್, ತಣ್ಣನೆ ತುದಿಯ ಹತ್ತಿರ 17.8. ಇಡೀ ಸರಳಿನಲ್ಲಿ ಹುಟ್ಟುತ್ತದೆ, ಆದರೆ ಸಮವಾಗಿ ಅಲ್ಲ, ತಣ್ಣನೆ ಕಡೆ ಜಾಸ್ತಿ. ಸರಿಯಾಗಿ ನಡುವೆ ಕೊಯ್ದರೆ ಅಲ್ಲಿ ತಾಪಮಾನ 350. ಬಿಸಿ ಅರ್ಧದಲ್ಲಿ 2.86, ತಣ್ಣನೆ ಅರ್ಧದಲ್ಲಿ 3.81. ಕೂಡಿದರೆ ಮೇಷ್ಟ್ರು ಕೊಟ್ಟ 6.67.

ನೀಲಿಕೊಡೆ

ಇದು ಚೆನ್ನಾಗಿದೆ! ಎರಡು ಅರ್ಧದಲ್ಲೂ 50 ಕೆಲ್ವಿನ್ ಇಳಿತ, ಒಂದೇ 8 ವ್ಯಾಟ್, ಆದರೂ ಒಂದರಲ್ಲಿ ಮೂರನೇ ಒಂದು ಪಾಲು ಹೆಚ್ಚು ಹುಟ್ಟುತ್ತದೆ. ಸರಳಿನ ಒಳಗಡೆ ಹೀಗೆ ಹಂಚಿಕೊಂಡಿರುತ್ತದೆ ಅಂತ ಯೋಚಿಸಿರಲಿಲ್ಲ.

ಇನ್ನೊಂದು ಅನುಮಾನ. T ಜಾಗಕ್ಕೆ ಸರಾಸರಿ 350 ಹಾಕಿ ಒಂದೇ ಸಲಕ್ಕೆ ಲೆಕ್ಕ ಹಾಕಿದರೆ ನಡೆಯುತ್ತದಾ? ನನಗೆ 6.53 ಬರುತ್ತಿದೆ.

ಗೆರೆಗಾರ

ಅಂದಾಜಿಗೆ ಸಾಕು, ಎರಡು ಶೇಕಡಾ ಕಡಿಮೆ ಬರುತ್ತದೆ ಅಷ್ಟೆ. ನಿಖರ ಬೇಕಾದರೆ 350ರ ಬದಲು 400 ಮತ್ತು 300ನ್ನು ಗುಣಿಸಿ ವರ್ಗಮೂಲ ತೆಗೆದು ಹಾಕಿ, ಅಂದರೆ 346.4. ಆಗ ಸರಿಯಾಗಿ 6.67 ಬರುತ್ತದೆ. ಕಾರಣ ಸರಳ: 1/300 ಕಳೆ 1/400 ಅಂದರೆ 100 ಭಾಗಿಸು (300 × 400).

ಈ 346.4 ಅನ್ನುವ ಸಂಖ್ಯೆ ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗಬಹುದು.

ಹೊಂಗೆನೆರಳು

ಮೊದಲ ಸಲ ಲೆಕ್ಕ ಹಾಕುವವರಿಗೆ ಒಂದು ಮಾತು. ಸೆಲ್ಸಿಯಸ್ ಹಾಕಬೇಡಿ. 127 ಮತ್ತು 27 ಹಾಕಿದರೆ ಉತ್ತರ 233 ಬರುತ್ತದೆ, ಸರಿಯಾದದ್ದರ ಸುಮಾರು 35 ಪಟ್ಟು. ಶಾಖದ ಹರಿವಿನ ಲೆಕ್ಕದಲ್ಲಿ ಬರೀ ವ್ಯತ್ಯಾಸ ಬರುವುದರಿಂದ ಅಲ್ಲಿ ಸೆಲ್ಸಿಯಸ್ ನಡೆಯುತ್ತದೆ, ಅದೇ ಅಭ್ಯಾಸ ಇಲ್ಲಿಗೂ ಬಂದುಬಿಡುತ್ತದೆ. ಉತ್ತರ ಪತ್ರಿಕೆ ತಿದ್ದುವಾಗ ಬಹಳ ನೋಡಿದ್ದೇನೆ.

ಮುಂಗಾರು77

ನನಗೆ ಗೊತ್ತಿರುವಂತೆ ಬಿಸಿ ಮಾಡಿದಾಗ ಎಂಟ್ರೊಪಿ ಹೆಚ್ಚುವುದಕ್ಕೆ ಸೂತ್ರ m c ln(T2/T1). ಇಲ್ಲಿ ಯಾರೂ ಅದನ್ನು ಬಳಸಿಲ್ಲವಲ್ಲ? ಸರಳು ತಣ್ಣಗಿತ್ತು, ಬಿಸಿಯಾಯಿತು, ಹಾಗಾಗಿ ಅದರ ಎಂಟ್ರೊಪಿ ಹೆಚ್ಚಾಯಿತು. ಪ್ರಶ್ನೆಗೆ ಉತ್ತರ ಅದೇ ಅಲ್ವಾ?

ಹೊಂಗೆನೆರಳು

ಮುಂಗಾರು ಅವರೇ, ಅದು ಶುರುವಿನ ಕಥೆ. ಇಲ್ಲಿ ಕೇಳಿರುವುದು ಎಲ್ಲ ಸ್ಥಿರವಾದ ಮೇಲಿನದು. ಆದರೆ ನಿಮ್ಮ ಲೆಕ್ಕವನ್ನೂ ಹಾಕಿ ಎರಡನ್ನೂ ಪಕ್ಕದಲ್ಲಿಟ್ಟು ನೋಡುವುದು ಒಳ್ಳೆಯದು.

ಈ ಸರಳಿನ ತೂಕ ಸುಮಾರು 450 ಗ್ರಾಂ, ಒಂದು ಕೆಲ್ವಿನ್ ಏರಿಸಲು 172 ಜೂಲ್ ಬೇಕು. ಪೂರ್ತಿ 300 ಕೆಲ್ವಿನ್‌ನಲ್ಲಿದ್ದ ಸರಳು 400ರಿಂದ 300ಕ್ಕೆ ನೇರ ಗೆರೆಯಲ್ಲಿ ಇಳಿಯುವ ಸ್ಥಿತಿಗೆ ಬರುವ ಹೊತ್ತಿಗೆ ಅದರ ಎಂಟ್ರೊಪಿ ಸುಮಾರು 26 ಜೂಲ್ ಪ್ರತಿ ಕೆಲ್ವಿನ್ ಹೆಚ್ಚಿರುತ್ತದೆ. ಎಲ್ಲ ಜಾಗಕ್ಕೂ ಒಂದೇ T2 ಹಾಕುವಂತಿಲ್ಲ, ತುಂಡು ತುಂಡಾಗಿ ಕೂಡಬೇಕು. ಆಮೇಲೆ ಅದು ಅಲ್ಲೇ ನಿಲ್ಲುತ್ತದೆ. ಉತ್ಪತ್ತಿ ನಿಲ್ಲುವುದಿಲ್ಲ, ಸೆಕೆಂಡಿಗೆ 6.67 ಮಿಲಿಜೂಲ್ ಪ್ರತಿ ಕೆಲ್ವಿನ್ ಹುಟ್ಟುತ್ತಲೇ ಇರುತ್ತದೆ. ಒಂದು ಗಂಟೆ ಚಿಲ್ಲರೆಯಲ್ಲಿ ಅದೂ 26 ಜೂಲ್ ಪ್ರತಿ ಕೆಲ್ವಿನ್ ಆಗುತ್ತದೆ, ಇಡೀ ದಿನ ಬಿಟ್ಟರೆ ಅದನ್ನು ಎಷ್ಟೋ ಪಟ್ಟು ಮೀರುತ್ತದೆ. ಮೊದಲನೆಯದು ಒಂದೇ ಸಲದ ಜಮೆ, ಎರಡನೆಯದು ನಿಲ್ಲದೆ ನಡೆಯುವಂಥದ್ದು.

ಮುಂಗಾರು77

ಸರಿ, ಅರ್ಥ ಆಯಿತು. ಹಾಗಾದರೆ ತಾಮ್ರದ ಬದಲು ಸ್ಟೀಲ್ ಹಾಕಿದರೆ? ಸ್ಟೀಲ್‌ನಲ್ಲಿ ಶಾಖ ಕಷ್ಟಪಟ್ಟು ಹೋಗುತ್ತದೆ, ತಡೆ ಜಾಸ್ತಿ, ಹಾಗಾಗಿ ಎಂಟ್ರೊಪಿಯೂ ಜಾಸ್ತಿ ಹುಟ್ಟಬೇಕು.

ಸುಮ್ನೆ_ಓದುಗ

ನನಗೂ ಹಾಗೇ ಅನಿಸುತ್ತದೆ.

ಹಳೇಮೇಷ್ಟ್ರು

ಏನನ್ನು ಹಿಡಿದಿಟ್ಟಿದ್ದೀರಿ ಅನ್ನುವುದರ ಮೇಲೆ ಉತ್ತರ ತಿರುಗಿಬಿಡುತ್ತದೆ.

ಎರಡು ತುದಿಯ ತಾಪಮಾನ ಹಿಡಿದಿಟ್ಟರೆ, ಸ್ಟೇನ್‌ಲೆಸ್ ಸ್ಟೀಲ್‌ನಲ್ಲಿ ಹರಿಯುವುದೇ 0.3 ವ್ಯಾಟ್, ಏಕೆಂದರೆ ಅದರ ವಾಹಕತೆ 15ರ ಆಸುಪಾಸು. ಉತ್ಪತ್ತಿಯೂ ಅದೇ ಪಾಲಿನಲ್ಲಿ ಇಳಿದು 0.25 ಆಗುತ್ತದೆ. ದಾಟುವ ಪ್ರತಿ ಜೂಲ್‌ಗೆ ಎಷ್ಟು ಹುಟ್ಟುತ್ತದೆ ಅಂತ ಕೇಳಿದರೆ ತಾಮ್ರಕ್ಕೂ ಸ್ಟೀಲ್‌ಗೂ ವ್ಯತ್ಯಾಸ ಇಲ್ಲ, 1/300 ಕಳೆ 1/400 ಅಷ್ಟೆ. ಒಟ್ಟು ಲೆಕ್ಕಕ್ಕೆ ವಸ್ತು ಯಾವುದು ಅಂತ ಗೊತ್ತಿರಬೇಕಾಗಿಯೇ ಇಲ್ಲ. ಎಷ್ಟು ಶಾಖ, ಯಾವ ಎರಡು ತಾಪಮಾನದ ನಡುವೆ, ಇಷ್ಟು ಸಾಕು.

ಅದೇ ತಾಪಮಾನದ ಬದಲು ಹೀಟರ್ 8 ವ್ಯಾಟ್ ಅಂತ ಹಿಡಿದಿಟ್ಟರೆ ನಿಮ್ಮ ಮಾತು ಸರಿಯಾಗುತ್ತದೆ. ತಾಮ್ರದ ಬದಲು ಅಲ್ಯುಮಿನಿಯಂ ಹಾಕಿ, ವಾಹಕತೆ 240 ಅಂತ ಇಟ್ಟುಕೊಳ್ಳಿ. 8 ವ್ಯಾಟ್ ದಾಟಿಸಲು ಬಿಸಿ ತುದಿ 467 ಕೆಲ್ವಿನ್‌ಗೆ ಏರಬೇಕು. ಉತ್ಪತ್ತಿ 6.67ರಿಂದ 9.52ಕ್ಕೆ ಏರುತ್ತದೆ. "ತಡೆ ಜಾಸ್ತಿಯಾದರೆ ಉತ್ಪತ್ತಿ ಜಾಸ್ತಿ" ಅನ್ನುವುದು ಹರಿವು ಹಿಡಿದಿಟ್ಟಾಗ ಮಾತ್ರ ನಿಜ.

ಅಳತೆಗೋಲು

ನನ್ನದೊಂದು ಪ್ರಕರಣ ಇದೆ, ಇಲ್ಲೇ ಹಾಕುತ್ತೇನೆ. ಪ್ರಯೋಗಾಲಯದಲ್ಲಿ ಇಂಥದ್ದೇ ಏರ್ಪಾಡು. ಬಿಸಿ ಕಡೆ ಹೀಟರ್ ಇರುವ ಲೋಹದ ಬ್ಲಾಕ್ 400ರಲ್ಲಿ, ತಣ್ಣನೆ ಕಡೆ ನೀರು ಹರಿಯುವ ಬ್ಲಾಕ್ 300ರಲ್ಲಿ, ನಡುವೆ ಇದೇ ಅಳತೆಯ ತಾಮ್ರದ ಸರಳು, ಸುತ್ತ ದಪ್ಪ ಉಣ್ಣೆಯಂಥ ಹೊದಿಕೆ. ಸರಳಿನುದ್ದಕ್ಕೂ ಥರ್ಮೋಕಪಲ್ ಕೂರಿಸಿದ್ದಾರೆ.

ಇಳಿಜಾರು ಅಳೆದರೆ ಮೀಟರ್‌ಗೆ 200 ಬರುತ್ತಿಲ್ಲ, 160 ಬರುತ್ತಿದೆ. ಹಾಗಾಗಿ ಹರಿವು 6.4 ವ್ಯಾಟ್. ಗೆರೆಗಾರರು ಕೊಟ್ಟ ಸೂತ್ರವನ್ನು ಸರಳಿನುದ್ದಕ್ಕೂ ಕೂಡಿದರೆ 4.23. ಬ್ಲಾಕ್‌ಗಳ ತಾಪಮಾನದಿಂದ ನೇರವಾಗಿ ಹಾಕಿದರೆ 5.33. ಎರಡೂ ಒಂದೇ ಆಗಬೇಕಿತ್ತಲ್ಲ? ಮಿಕ್ಕ 1.1 ಎಲ್ಲಿ ಹೋಯಿತು? ಹೊದಿಕೆಯಿಂದ ಸೋರುತ್ತಿದೆ ಅಂತ ನಮ್ಮಲ್ಲಿ ಹೇಳುತ್ತಾರೆ, ನನಗೆ ಒಪ್ಪಿಗೆ ಆಗುತ್ತಿಲ್ಲ.

ಗೆರೆಗಾರ

ಥರ್ಮೋಕಪಲ್‌ಗಳ ಗೆರೆ ನೇರವಾಗಿದೆಯಾ, ಬಾಗಿದೆಯಾ? ಅದನ್ನು ಎರಡೂ ತುದಿಗೆ ಎಳೆದು ನೋಡಿದರೆ ಎಷ್ಟು ಬರುತ್ತದೆ?

ಅಳತೆಗೋಲು

ನೇರವಾಗಿದೆ, ಅಳತೆಯ ಅಂಚಿನೊಳಗೆ. ಎಳೆದರೆ ಬಿಸಿ ತುದಿಯಲ್ಲಿ 390, ತಣ್ಣನೆ ತುದಿಯಲ್ಲಿ 310.

ಗೆರೆಗಾರ

ಹಾಗಾದರೆ ಸೋರಿಕೆ ಅಲ್ಲ. ಪಕ್ಕದಿಂದ ಶಾಖ ಸೋರಿದ್ದರೆ ಬಿಸಿ ತುದಿಯಲ್ಲಿ ಹರಿವು ಜಾಸ್ತಿ, ತಣ್ಣನೆ ತುದಿಯಲ್ಲಿ ಕಡಿಮೆ ಇರುತ್ತಿತ್ತು. ಗೆರೆ ಬಿಸಿ ಕಡೆ ಕಡಿದಾಗಿ, ತಣ್ಣನೆ ಕಡೆ ಸಪಾಟಾಗಿ ಬಾಗುತ್ತಿತ್ತು.

ನಿಮ್ಮ 1.1 ಕಳೆದುಹೋಗಿಲ್ಲ, ಕೀಲಿನಲ್ಲಿದೆ. ಬ್ಲಾಕ್ 400ರಲ್ಲಿದೆ, ಅದಕ್ಕೆ ಒತ್ತಿಕೊಂಡಿರುವ ಸರಳಿನ ತುದಿ 390ರಲ್ಲಿ. ಆ ತೆಳು ಸಂದಿಯಲ್ಲಿ 10 ಕೆಲ್ವಿನ್ ಇಳಿಯುತ್ತಿದೆ. ತಣ್ಣನೆ ಕಡೆಯೂ ಅಷ್ಟೇ. ಎರಡು ಮೇಲ್ಮೈಗಳು ಕೆಲವೇ ಚುಕ್ಕೆಗಳಲ್ಲಿ ಮುಟ್ಟುತ್ತವೆ, ಮಿಕ್ಕ ಕಡೆ ಗಾಳಿ, ಅದಕ್ಕೇ ಈ ಇಳಿತ. ಅಲ್ಲೂ ಶಾಖ ಬಿಸಿಯಿಂದ ತಣ್ಣಗೆ ಇಳಿಯುತ್ತಿದೆ, ಹಾಗಾಗಿ ಅಲ್ಲೂ ಎಂಟ್ರೊಪಿ ಹುಟ್ಟುತ್ತದೆ. 6.4 ವ್ಯಾಟ್‌ಗೆ ಬಿಸಿ ಕೀಲಿನಲ್ಲಿ 0.41, ತಣ್ಣನೆ ಕೀಲಿನಲ್ಲಿ 0.69. ಸರಳಿನ 4.23 ಸೇರಿಸಿ, 5.33 ಬರುತ್ತದೆ.

ಇಲ್ಲೂ ಗಮನಿಸಿ, ಎರಡು ಕೀಲಿನಲ್ಲೂ ಒಂದೇ 10 ಕೆಲ್ವಿನ್ ಇಳಿತ, ತಣ್ಣನೆ ಕಡೆಯದು ಹೆಚ್ಚು ಹುಟ್ಟಿಸುತ್ತದೆ. ಥರ್ಮಲ್ ಪೇಸ್ಟ್ ಹಚ್ಚಿ ಬಿಗಿಯಾಗಿ ಕೂರಿಸಿದರೆ ಕೀಲಿನ ಇಳಿತ ಕಡಿಮೆಯಾಗಬೇಕು. ಸೋರಿಕೆಯಾಗಿದ್ದರೆ ಪೇಸ್ಟ್ ಹಚ್ಚಿದ ಮಾತ್ರಕ್ಕೆ ಅದು ನಿಲ್ಲುವುದಿಲ್ಲ.

ಅಳತೆಗೋಲು

ಪೇಸ್ಟ್ ಹಚ್ಚಿ ನೋಡುತ್ತೇನೆ. ಆಗ ಹರಿವೂ ಹೆಚ್ಚಾಗುತ್ತದೆ, ಒಟ್ಟು ಉತ್ಪತ್ತಿಯೂ ಹೆಚ್ಚಾಗುತ್ತದೆ ಅಲ್ವಾ? ಬ್ಲಾಕ್‌ಗಳ ತಾಪಮಾನ ಹಿಡಿದಿಟ್ಟಿರುವುದರಿಂದ.

ಗೆರೆಗಾರ

ಹೌದು, 5.33ರಿಂದ 6.67ರ ಕಡೆಗೆ. ಮೇಷ್ಟ್ರು ಹೇಳಿದ ಮೊದಲನೇ ಸಂದರ್ಭ ಅದೇ.

ಹಳೇಮೇಷ್ಟ್ರು

ಗೆರೆ ಬಾಗುವ ವಿಷಯಕ್ಕೆ ಒಂದು ಎಚ್ಚರಿಕೆ ಸೇರಿಸುತ್ತೇನೆ. ವಾಹಕತೆ ತಾಪಮಾನದ ಜೊತೆ ಬದಲಾದರೂ ಗೆರೆ ಬಾಗುತ್ತದೆ. ತಾಮ್ರದಲ್ಲಿ 300 ಕೆಲ್ವಿನ್‌ನಲ್ಲಿ 401 ಇದ್ದದ್ದು 400 ಕೆಲ್ವಿನ್‌ನಲ್ಲಿ 393 ಆಗುತ್ತದೆ. ಹಾಗಾಗಿ ಬಿಸಿ ಕಡೆ ಇಳಿಜಾರು ಎರಡು ಶೇಕಡಾ ಕಡಿದಾಗಿರುತ್ತದೆ, ಸೋರಿಕೆ ಇಲ್ಲದಿದ್ದರೂ. ಎರಡೂ ಒಂದೇ ದಿಕ್ಕಿಗೆ ಬಾಗುವುದರಿಂದ ಮೋಸ ಹೋಗಬಹುದು. ಅದಕ್ಕಿಂತ ಜಾಸ್ತಿ ಬಾಗಿದ್ದರೆ ಸೋರಿಕೆಯನ್ನು ಅನುಮಾನಿಸಿ. ಹೊದಿಕೆ ಬದಲಿಸಿ ನೋಡಿ, ಬಾಗು ಬದಲಾದರೆ ಸೋರಿಕೆ, ಬದಲಾಗದಿದ್ದರೆ ಲೋಹದ ಗುಣ.

ನೀಲಿಕೊಡೆ

ಈ 6.67 ಅನ್ನುವುದರಿಂದ ನಮಗೆ ನಷ್ಟ ಏನು? ಶಾಖ 8 ವ್ಯಾಟ್ ಪೂರ್ತಿ ತಲುಪುತ್ತಿದೆಯಲ್ಲ.

ಹೊಂಗೆನೆರಳು

ಶಾಖ ತಲುಪುತ್ತದೆ, ಅದರಿಂದ ಕೆಲಸ ತೆಗೆಯುವ ಅವಕಾಶ ತಲುಪುವುದಿಲ್ಲ. 400 ಮತ್ತು 300ರ ನಡುವೆ ಕಾರ್ನೊ ಎಂಜಿನ್ ಇಟ್ಟರೆ ದಕ್ಷತೆ 25 ಶೇಕಡಾ, 8 ವ್ಯಾಟ್‌ನಿಂದ 2 ವ್ಯಾಟ್ ಕೆಲಸ ಬರುತ್ತಿತ್ತು. ಸರಳಿನಿಂದ ಬಂದದ್ದು ಸೊನ್ನೆ. ಈಗ ಉತ್ಪತ್ತಿಯನ್ನು ತಣ್ಣನೆ ತಾಪಮಾನದಿಂದ ಗುಣಿಸಿ: 300 ಗುಣಿಸು 0.00667, ಅದೂ 2 ವ್ಯಾಟ್. ಗೂಯ್ ಮತ್ತು ಸ್ಟೊಡೊಲಾ ಹೆಸರಿನಲ್ಲಿ ಕರೆಯುವ ನಿಯಮ ಇದೇ. ಕೈತಪ್ಪಿದ ಕೆಲಸವನ್ನು ಎಂಟ್ರೊಪಿ ಉತ್ಪತ್ತಿ ನೇರವಾಗಿ ಅಳೆಯುತ್ತದೆ.

ತಿಳಿನೀರು

ಎಲ್ಲರೂ ಒಂದು ಮುಖ್ಯ ವಿಷಯ ಬಿಟ್ಟಿದ್ದೀರಿ. ಸರಳು ನೇರ ಗೆರೆಯನ್ನೇ ಯಾಕೆ ಆರಿಸಿಕೊಳ್ಳುತ್ತದೆ? ಪ್ರಿಗೋಜಿನ್ ಪ್ರಮೇಯ ಇದೆಯಲ್ಲ. ಸ್ಥಿರ ಸ್ಥಿತಿಯಲ್ಲಿ ಎಂಟ್ರೊಪಿ ಉತ್ಪತ್ತಿ ಕನಿಷ್ಠ ಇರುತ್ತದೆ. ತುದಿಗಳನ್ನು ಹಿಡಿದಿಟ್ಟರೆ ಎಷ್ಟೋ ಬಗೆಯ ಗೆರೆ ಸಾಧ್ಯ, ಅವುಗಳಲ್ಲಿ ಅತಿ ಕಡಿಮೆ ಎಂಟ್ರೊಪಿ ಹುಟ್ಟಿಸುವುದು ನೇರ ಗೆರೆ. ಅದಕ್ಕೇ ಸರಳು ಅಲ್ಲಿಗೆ ಬಂದು ನಿಲ್ಲುತ್ತದೆ. ಪ್ರಿಗೋಜಿನ್‌ಗೆ 1977ರಲ್ಲಿ ನೊಬೆಲ್ ಬಂದದ್ದೂ ಈ ದಾರಿಯ ಕೆಲಸಕ್ಕೇ.

ಗೆರೆಗಾರ

ತಿಳಿನೀರು ಅವರೇ, ಈ ಸರಳಿಗೆ ಆ ಮಾತು ಹೊಂದುವುದಿಲ್ಲ. ಲೆಕ್ಕ ಹಾಕಿಯೇ ನೋಡೋಣ.

ಉತ್ಪತ್ತಿ ಅಂದರೆ ಇಳಿಜಾರನ್ನು T ಇಂದ ಭಾಗಿಸಿ, ವರ್ಗ ಮಾಡಿ, ಉದ್ದಕ್ಕೂ ಕೂಡಿದ್ದು. ಇಳಿಜಾರು ಭಾಗಿಸು T ಅಂದರೆ ln T ನ ಇಳಿಜಾರು. ಹಾಗಾಗಿ ಕೂಡಿದ ಮೊತ್ತ ಕನಿಷ್ಠ ಆಗಬೇಕಾದರೆ T ಅಲ್ಲ, ln T ನೇರ ಗೆರೆಯಲ್ಲಿ ಇಳಿಯಬೇಕು. ಆ ಗೆರೆಯಲ್ಲಿ ನಡುವಿನ ತಾಪಮಾನ 350 ಅಲ್ಲ, ಆಗಲೇ ಹೇಳಿದ 346.4. ಅದರ ಉತ್ಪತ್ತಿ 6.62. ನೇರ ಗೆರೆಯದು 6.67. ವ್ಯತ್ಯಾಸ ಚಿಕ್ಕದು, ಒಂದು ಶೇಕಡಾ ಕೂಡ ಇಲ್ಲ, ಆದರೆ ಸೊನ್ನೆ ಅಲ್ಲ. ಸರಳು ನಿಲ್ಲುವ ಸ್ಥಿತಿ ಕನಿಷ್ಠದ ಸ್ಥಿತಿ ಅಲ್ಲ.

ತಿಳಿನೀರು

ಆದರೆ ನೀವು ಹೇಳುವ ಆ ಬಾಗಿದ ಗೆರೆ ಸ್ಥಿರ ಸ್ಥಿತಿಯೇ ಅಲ್ಲ. ಅಲ್ಲಿ ಹರಿವು ಎಲ್ಲ ಕಡೆ ಒಂದೇ ಇರುವುದಿಲ್ಲ. ಇರಲಾರದ ಸ್ಥಿತಿಯನ್ನು ಹೋಲಿಕೆಗೆ ತರುವುದು ಸರಿಯಲ್ಲ.

ಗೆರೆಗಾರ

ಪ್ರಮೇಯವೇ ಸ್ಥಿರವಲ್ಲದ ಸ್ಥಿತಿಗಳ ಜೊತೆ ಹೋಲಿಸುವುದು. ಬೇರೆ ಗೆರೆಗಳೂ ಸ್ಥಿರವಾಗಿದ್ದರೆ ಸರಳಿಗೆ ಆರಿಸಿಕೊಳ್ಳುವ ಮಾತೆಲ್ಲಿ? ಇಲ್ಲಿ ಸ್ಥಿರ ಸ್ಥಿತಿ ಒಂದೇ. ಆ ಬಾಗಿದ ಗೆರೆಯಲ್ಲಿ ಸರಳನ್ನು ಇಟ್ಟು ಬಿಟ್ಟರೆ ಏನಾಗುತ್ತದೆ ಅಂತ ನೋಡಿ, ಇದು ನನಗೆ ಬಹಳ ಇಷ್ಟವಾದ ಭಾಗ.

ಬಿಸಿ ತುದಿಯಲ್ಲಿ ಇಳಿಜಾರು ಮೀಟರ್‌ಗೆ 230, ಹಾಗಾಗಿ 9.2 ವ್ಯಾಟ್ ಒಳಗೆ ಬರುತ್ತದೆ. ತಣ್ಣನೆ ತುದಿಯಲ್ಲಿ ಇಳಿಜಾರು 173, ಅಲ್ಲಿ 6.9 ವ್ಯಾಟ್ ಹೊರಗೆ ಹೋಗುತ್ತದೆ. ನಡುವಿನ 2.3 ವ್ಯಾಟ್ ಸರಳಿನಲ್ಲಿ ಸೇರಿಕೊಂಡು ಅದನ್ನು ಬಿಸಿ ಮಾಡುತ್ತದೆ. ನಡುವಿನ ತಾಪಮಾನ 346.4ರಿಂದ 350ಕ್ಕೆ ಏರುತ್ತದೆ. ಇದರ ಜೊತೆಗೆ ಉತ್ಪತ್ತಿ 6.62ರಿಂದ 6.67ಕ್ಕೆ ಏರುತ್ತದೆ, ಇಳಿಯುವುದಿಲ್ಲ. ಸರಳು ಕನಿಷ್ಠವನ್ನು ಬಿಟ್ಟು ಮೇಲಕ್ಕೆ ಹೋಗುತ್ತಿದೆ.

ಎಂಟ್ರೊಪಿ ಹರಿವನ್ನೂ ನೋಡಿ. ಬಿಸಿ ತುದಿಯಲ್ಲಿ 9.2 ಭಾಗಿಸು 400, ತಣ್ಣನೆ ತುದಿಯಲ್ಲಿ 6.9 ಭಾಗಿಸು 300, ಎರಡೂ 23. ಒಳಬಂದಷ್ಟೇ ಹೊರಹೋಗುತ್ತದೆ! ಹಾಗಾದರೆ ಆ ಕ್ಷಣದಲ್ಲಿ ಹುಟ್ಟುವ 6.62 ಪೂರ್ತಿ ಸರಳಿನಲ್ಲೇ ಉಳಿಯುತ್ತದೆ. ಕನಿಷ್ಠದ ಸ್ಥಿತಿಯಲ್ಲಿ ಹುಟ್ಟಿದ್ದೆಲ್ಲ ಒಳಗೇ ಉಳಿಯುತ್ತದೆ, ಸ್ಥಿರ ಸ್ಥಿತಿಯಲ್ಲಿ ಹುಟ್ಟಿದ್ದೆಲ್ಲ ಹೊರಗೆ ಹೋಗುತ್ತದೆ. ಎರಡೂ ಬೇರೆ ಬೇರೆ ಸ್ಥಿತಿ ಅನ್ನುವುದಕ್ಕೆ ಇದಕ್ಕಿಂತ ಸ್ಪಷ್ಟ ಗುರುತು ಬೇಕಿಲ್ಲ.

ಯಾರಿಗಾದರೂ ಓಡಿಸಿ ನೋಡಬೇಕಿದ್ದರೆ:

```python
import numpy as np
L, N, a, kA = 0.5, 100, 1.16e-4, 0.04
dx = L/N; dt = 0.4*dx*dx/a
x = np.linspace(0, L, N+1)
T = 400*0.75**(x/L)
for n in range(20001):
    if n % 2000 == 0:
        P = kA*np.sum(np.diff(np.log(T))**2)/dx
        print(round(n*dt), T[N//2], 1000*P)
    T[1:-1] += 0.4*(T[2:] - 2*T[1:-1] + T[:-2])
```

ಮೊದಲ ಅಂಕಣ ಸೆಕೆಂಡು, ಎರಡನೆಯದು ನಡುವಿನ ತಾಪಮಾನ, ಮೂರನೆಯದು ಉತ್ಪತ್ತಿ. ಈ ಉದ್ದದ ತಾಮ್ರಕ್ಕೆ ಅರ್ಧ ಗಂಟೆಯೊಳಗೆ ಎಲ್ಲ ನೆಲೆಗೊಳ್ಳುತ್ತದೆ.

ಹೊಂಗೆನೆರಳು

ಓಡಿಸಿದೆ. ಮೂರನೇ ಅಂಕಣ ಏರುತ್ತಾ ಹೋಗಿ 6.667ರಲ್ಲಿ ನಿಲ್ಲುತ್ತದೆ.

ತಿಳಿನೀರು

ಹಾಗಾದರೆ ಪ್ರಮೇಯ ತಪ್ಪು ಅಂತೀರಾ? ಇಷ್ಟು ವರ್ಷ ಎಲ್ಲ ಕಡೆ ಹೇಳಿಕೊಟ್ಟಿದ್ದಾರೆ.

ಹಳೇಮೇಷ್ಟ್ರು

ಪ್ರಮೇಯ ತಪ್ಪಲ್ಲ, ಅದರ ಜೊತೆ ಬರುವ ಷರತ್ತನ್ನು ಬಿಟ್ಟು ಹೇಳುತ್ತಾರೆ. ಆನ್ಸಾಗರ್ ದಾರಿಯಲ್ಲಿ ಶಾಖವನ್ನು ತಳ್ಳುವ ಬಲ ಅಂದರೆ 1/T ನ ಇಳಿಜಾರು. ಆ ಬಲವನ್ನು ಒಂದು ಗುಣಾಂಕದಿಂದ ಗುಣಿಸಿದರೆ ಹರಿವು. ಆ ಗುಣಾಂಕ ತಾಪಮಾನದ ಜೊತೆ ಬದಲಾಗಬಾರದು ಅನ್ನುವುದು ಪ್ರಮೇಯದ ಷರತ್ತು. ಫೂರಿಯೆ ನಿಯಮದ ಜೊತೆ ಹೋಲಿಸಿದರೆ ಆ ಗುಣಾಂಕ k T². ಅದು ಬದಲಾಗದೆ ಇರಬೇಕಾದರೆ ವಾಹಕತೆ T² ಗೆ ವಿಲೋಮವಾಗಿ ಇಳಿಯಬೇಕು. 300ರಲ್ಲಿ 401 ಇದ್ದದ್ದು 400ರಲ್ಲಿ 226ಕ್ಕೆ ಬೀಳಬೇಕು. ತಾಮ್ರ ಹಾಗೆ ಮಾಡುವುದಿಲ್ಲ, 393ರಲ್ಲೇ ಇರುತ್ತದೆ.

ಎರಡು ತುದಿ ಹತ್ತಿರ ಹತ್ತಿರ ಇದ್ದರೆ ಪ್ರಮೇಯ ಬಹುತೇಕ ಸರಿ. 310 ಮತ್ತು 300ರ ನಡುವೆ ಎರಡು ಗೆರೆಗಳ ಉತ್ಪತ್ತಿಯಲ್ಲಿ ವ್ಯತ್ಯಾಸ ಹತ್ತು ಸಾವಿರದಲ್ಲಿ ಒಂದು ಪಾಲು. ಅಳೆಯಲು ಸಾಧ್ಯವಾಗುವಂಥದ್ದಲ್ಲ. ಅದಕ್ಕೇ ಪಾಠದಲ್ಲಿ ತೊಂದರೆ ಕಾಣಿಸಿಕೊಳ್ಳುವುದಿಲ್ಲ. ಆದರೆ "ಸರಳು ನೇರ ಗೆರೆಗೆ ಬರುವುದು ಉತ್ಪತ್ತಿ ಕಡಿಮೆ ಮಾಡಲಿಕ್ಕೆ" ಅಂತ ಕಾರಣವಾಗಿ ಹೇಳುವುದು ಬೇಡ. ನೇರ ಗೆರೆಗೆ ಕಾರಣ ಶಕ್ತಿಯ ಸಂರಕ್ಷಣೆ ಮತ್ತು ಫೂರಿಯೆ ನಿಯಮ, ಎರಡೇ ಸಾಕು.

ತಿಳಿನೀರು

ಒಪ್ಪಬಹುದು, ಆದರೆ ಪೂರ್ತಿ ಅಲ್ಲ. ಗುಣಾಂಕ ಬದಲಾದರೂ ಕನಿಷ್ಠವಾಗುವ ಬೇರೆ ಯಾವುದೋ ಮೊತ್ತ ಇರಬಹುದಲ್ಲ? ವಾಹಕತೆ ಸ್ಥಿರ ಅಂತ ಹಿಡಿದರೆ ಇಳಿಜಾರಿನ ವರ್ಗದ ಮೊತ್ತವನ್ನೇ ತಗೊಳ್ಳಿ, T² ಇಂದ ಭಾಗಿಸದೆ. ಅದು ನೇರ ಗೆರೆಯಲ್ಲೇ ಕನಿಷ್ಠ.

ಗೆರೆಗಾರ

ಅದು ನಿಜ. ಅದು ಎಂಟ್ರೊಪಿ ಉತ್ಪತ್ತಿ ಅಲ್ಲ, ಅಷ್ಟೇ ನನ್ನ ತಕರಾರು. ಯಾವ ಸಮೀಕರಣಕ್ಕೆ ಬೇಕಾದರೂ ಅದಕ್ಕೆ ಹೊಂದುವ ಮೊತ್ತ ಹುಡುಕಬಹುದು, ಆದರೆ ಅದಕ್ಕೆ ಭೌತಿಕ ಅರ್ಥ ಕೊಡಲು ಕಾರಣ ಬೇಕು.

ತಿಳಿನೀರು

ಅರ್ಥ ಇದೆ ಅಂತಲೇ ನನ್ನ ವಾದ. ಬೇರೆ ಎಳೆ ಶುರು ಮಾಡುತ್ತೇನೆ, ಅಲ್ಲಿ ಮಾತಾಡೋಣ.

ಸುಮ್ನೆ_ಓದುಗ

ಒಂದು ಕೊನೆಯ ಪ್ರಶ್ನೆ. ಸರಳನ್ನು ತುಂಬಾ ಚಿಕ್ಕದು ಮಾಡುತ್ತಾ ಹೋದರೆ? ಅರ್ಧ ಮೀಟರ್ ಬದಲು ಕೆಲವು ನ್ಯಾನೋಮೀಟರ್. ಆಗಲೂ "ಪ್ರತಿ ಮೀಟರ್‌ಗೆ ಇಷ್ಟು" ಅಂತ ಹೇಳಬಹುದಾ?

ಹಳೇಮೇಷ್ಟ್ರು

ಆಗ ಆ ಸೂತ್ರ ನಿಲ್ಲುವುದಿಲ್ಲ. ಪ್ರತಿ ಜಾಗಕ್ಕೂ ಒಂದು ತಾಪಮಾನ ಇದೆ ಅನ್ನುವುದು ಅದರ ಅಡಿಪಾಯ. ಶಾಖ ಹೊರುವ ಕಣಗಳು ಒಂದಕ್ಕೊಂದು ಸಾಕಷ್ಟು ಸಲ ಡಿಕ್ಕಿ ಹೊಡೆದಾಗ ಮಾತ್ರ ಆ ಮಾತಿಗೆ ಅರ್ಥ. ತಾಮ್ರದಲ್ಲಿ ಶಾಖ ಹೊರುವುದು ಹೆಚ್ಚಾಗಿ ಎಲೆಕ್ಟ್ರಾನ್‌ಗಳು, ಸಾಮಾನ್ಯ ತಾಪಮಾನದಲ್ಲಿ ಅವು ಎರಡು ಡಿಕ್ಕಿಗಳ ನಡುವೆ ಹೋಗುವ ದೂರ ಸುಮಾರು 40 ನ್ಯಾನೋಮೀಟರ್. ಅದಕ್ಕಿಂತ ಗಿಡ್ಡ ತುಂಡಿನಲ್ಲಿ ಬಿಸಿ ಕಡೆಯಿಂದ ಹೊರಟದ್ದು ಡಿಕ್ಕಿಯಿಲ್ಲದೆ ತಣ್ಣನೆ ಕಡೆ ತಲುಪಬಹುದು.

ಆಗಲೂ ಒಟ್ಟು ಲೆಕ್ಕ ಸರಿಯೇ. ಎರಡು ಪಾತ್ರೆಗಳ ತಾಪಮಾನ ಗೊತ್ತು, ಹರಿವು ಗೊತ್ತು, ಉತ್ಪತ್ತಿ ಗೊತ್ತು. "ಎಲ್ಲಿ" ಅನ್ನುವುದು ಮಾತ್ರ ಕೈಗೆ ಸಿಗುವುದಿಲ್ಲ. ದಾರಿಯಲ್ಲಿ ಡಿಕ್ಕಿ ಇಲ್ಲದಿದ್ದರೆ ಉತ್ಪತ್ತಿ ತುದಿಗಳ ಒಳಗೆ, ಆ ಕಣಗಳು ಹೋಗಿ ಬೆರೆಯುವ ಕಡೆ ಆಗುತ್ತದೆ ಅನ್ನಬಹುದು.

ಸುಮ್ನೆ_ಓದುಗ

ಅಂದರೆ ಅಷ್ಟು ಚಿಕ್ಕ ತುಂಡಿನಲ್ಲಿ ತಣ್ಣನೆ ಪಾತ್ರೆಯಲ್ಲೇ ಹುಟ್ಟುತ್ತದೆ ಅನ್ನಬಹುದು. ನಾನು ಮೊದಲು ಹೇಳಿದ್ದು ಅದೇ!

ಹಳೇಮೇಷ್ಟ್ರು

ಎರಡೂ ಕಡೆ ಬೆರೆಯುವಿಕೆ ಇರುತ್ತದೆ. ತಣ್ಣನೆ ಕಡೆಯಿಂದ ಹೊರಟ ಕಣಗಳೂ ಬಿಸಿ ಕಡೆ ಹೋಗಿ ಬೆರೆಯುತ್ತವೆ. ಯಾವ ಪಾಲು ಎಲ್ಲಿ ಅನ್ನುವುದನ್ನು ಹೀಗೆ ಬರೀ ಬಾಯಿಮಾತಿನಲ್ಲಿ ತೀರ್ಮಾನಿಸಲು ಆಗುವುದಿಲ್ಲ, ಕಣಗಳ ಹಂಚಿಕೆ ಹಿಡಿದು ಲೆಕ್ಕ ಹಾಕಬೇಕು.

ಅಳತೆಗೋಲು

ಪೇಸ್ಟ್ ಹಚ್ಚಿ ಕೂರಿಸಿದೆ. ಇಳಿಜಾರು 160ರಿಂದ 188ಕ್ಕೆ ಬಂದಿದೆ. ತುದಿಗಳಿಗೆ ಎಳೆದರೆ 397 ಮತ್ತು 303. ತಣ್ಣನೆ ಬ್ಲಾಕ್ ಒಂದೇ ಸಮ 300ರಲ್ಲಿ ನಿಲ್ಲುತ್ತಿಲ್ಲ, ನೀರಿನ ಹರಿವು ಹೆಚ್ಚಿಸಿ ಮತ್ತೆ ಅಳೆಯುತ್ತೇನೆ.